ಮೇ ತಿಂಗಳ ಗಿರಾಕಿಗಳು ಕೈಕೊಟ್ಟರೇ?

ಪ್ರಶ್ನೆ: ಮುಧೋಳದಿಂದ ಆನ್‌ಲೈನ್‌ನಲ್ಲಿ ತೊಗರಿಬೇಳೆ ಮಾರುತ್ತೇವೆ. ಜನವರಿಯಲ್ಲಿ ಮೊದಲ ಬಾರಿ ಕೊಂಡ 40 ಮಂದಿಯಲ್ಲಿ 18 ಮಂದಿ ಮತ್ತೆ ಕೊಂಡರು. ಮೇ ತಿಂಗಳ 50 ಮಂದಿಯಲ್ಲಿ 10 ಮಾತ್ರ. ಬೇಳೆ ಕೆಟ್ಟಿತೇ?

ಉತ್ತರ: ಈ ಲೆಕ್ಕದಿಂದ ಹಾಗೆ ಹೇಳಲಾಗದು. ಜುಲೈ 1ರಂದು ವರದಿ ತೆಗೆದಿದ್ದರೆ, ಜನವರಿಯವರಿಗೆ ಮರಳಿ ಬರಲು ಕನಿಷ್ಠ ಐದು ತಿಂಗಳು ಸಿಕ್ಕಿದೆ, ಮೇ ಕೊನೆಯಲ್ಲಿ ಬಂದವರಿಗೆ ಒಂದೇ ತಿಂಗಳು. ಆದ್ದರಿಂದ ಪ್ರತಿ ಗಿರಾಕಿಯ ಮೊದಲ ಖರೀದಿಯಿಂದ 30 ದಿನ ಎಣಿಸಿ, ಅಷ್ಟರೊಳಗೆ ಮತ್ತೆ ಕೊಂಡವರನ್ನು ಮಾತ್ರ ಹಿಡಿಯಿರಿ. ಜನವರಿಯಲ್ಲಿ ಅಂಥವರು 6 ಮಂದಿ ಇದ್ದರೆ ಶೇ 15. ಮೇ ತಿಂಗಳ 10 ಮಂದಿಯೂ 30 ದಿನದೊಳಗೇ ಬಂದಿದ್ದರೆ ಶೇ 20. ಅಲ್ಲಿಗೆ ಮೇ ತಿಂಗಳೇ ವಾಸಿ! ಆದರೆ ಐದು ಕಿಲೋ ಚೀಲ ಒಯ್ದ ಸಣ್ಣ ಸಂಸಾರಕ್ಕೆ 30 ದಿನದಲ್ಲಿ ಬೇಳೆ ತೀರುವುದೇ ಇಲ್ಲ. ಬೇಳೆಗೆ 90 ದಿನದ ಲೆಕ್ಕವೇ ಸರಿ. ಮೇ ತಿಂಗಳದ್ದಕ್ಕೆ ಆಗಸ್ಟ್ ಕೊನೆಯವರೆಗೆ ಕಾಯಬೇಕು.

ಪಾರ್ಸೆಲ್ ಬಂದಾಗ ಹಣ ಕೊಡದೆ ವಾಪಸು ಕಳಿಸಿದವರನ್ನು ಮೊದಲೇ ಪಟ್ಟಿಯಿಂದ ತೆಗೆಯಿರಿ. ಅವರು ಕೊಂಡೇ ಇಲ್ಲ. ಒಂದೇ ಮನೆಯವರು ಎರಡು ಮೊಬೈಲ್ ನಂಬರಿನಿಂದ ತರಿಸಿದರೆ ಹಳೆಯ ಗಿರಾಕಿಯೂ ಹೊಸಬನಾಗಿ ಕಾಣುತ್ತಾನೆ; ವಿಳಾಸವನ್ನೂ ಹೋಲಿಸಿ ನೋಡಿ.