ಕೈಬಿಟ್ಟ ಡಿಸೈನೂ ಜೊತೆಗಿರಲಿ

ಆ್ಯಪ್ ಡಿಸೈನರ್ ಕೆಲಸಕ್ಕೆ ಬರುವ ಹೊಸಬರ ಪೋರ್ಟ್‌ಫೋಲಿಯೊ ತೆರೆದರೆ ಪುಟಪುಟವೂ ಥಳಥಳ ಹೊಳೆಯುತ್ತದೆ. ದುಬಾರಿ ಫೋನಿನ ಚೌಕಟ್ಟಿನೊಳಗೆ ಕೂರಿಸಿದ ಅಂದದ ಪರದೆಗಳು, ಹಿಂದೆ ತಿಳಿಬಣ್ಣದ ನೆಳಲು. ಆದರೆ ಹಾಗೆಯೇ ಏಕೆ ಮಾಡಿದಿರಿ ಎಂಬ ಪ್ರಶ್ನೆಗೆ ಆ ಪುಟಗಳಲ್ಲಿ ಉತ್ತರವಿರುವುದಿಲ್ಲ. ಸಂದರ್ಶಕರು ಕೇಳುವುದು ಬಹುಪಾಲು ಅದನ್ನೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಳ್ಳಿಯ ಹಾಲು ಉತ್ಪಾದಕರ ಸಂಘದ ಸದಸ್ಯರಿಗಾಗಿ ಒಬ್ಬ ಹುಡುಗಿ ಆ್ಯಪ್ ಮಾಡಿದ್ದಾಳೆ ಎನ್ನಿ. ಬೆಳಗ್ಗೆ, ಸಂಜೆ ಹಾಲು ಹಾಕಿದ ಮೇಲೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಎಂಬ ಐದು ಅಂಕಿಗಳು ಸದಸ್ಯರ ಫೋನಿಗೆ ಬರಬೇಕು. ಮೊದಲ ಡಿಸೈನಿನಲ್ಲಿ ಅವಳು ಸಂಘದ ಚೀಟಿಯಲ್ಲಿದ್ದಂತೆಯೇ ಐದನ್ನೂ ಒಂದೇ ಗಾತ್ರದಲ್ಲಿ ಸಾಲಾಗಿ ಬರೆದಳು. ಎರಡನೆಯದರಲ್ಲಿ ಮೊತ್ತವನ್ನು ಮಾತ್ರ ದೊಡ್ಡದಾಗಿ ತೋರಿಸಿ, ಮುಟ್ಟಿದರೆ ಮಾತ್ರ ಉಳಿದವು ಕಾಣುವಂತೆ ಮಾಡಿದಳು. ನೋಡಲು ಇದೇ ಚೆಂದವಿತ್ತು. ಹಾಲು ಹಾಕಿ ಹೊರಬಂದ ಕೆಲವರ ಕೈಗೆ ಫೋನ್ ಕೊಟ್ಟು, ತಾನೇನೂ ಹೇಳದೆ ಪಕ್ಕದಲ್ಲಿ ನಿಂತಳು. ಅವರು ಮೊತ್ತ ನೋಡಿದರು. ಅದು ನಿನ್ನೆಗಿಂತ ಕಡಿಮೆ ಅನ್ನಿಸಿದವರೆಲ್ಲ ಕೂಡಲೇ ಫ್ಯಾಟ್ ಎಷ್ಟಿದೆ ಎಂದು ಹುಡುಕಿದರು, ಸಿಗಲಿಲ್ಲ. ಮುಟ್ಟಿದರೆ ತೆರೆಯುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹಾಗಾಗಿ ಮೂರನೆಯ ಡಿಸೈನಿನಲ್ಲಿ ದೊಡ್ಡ ಮೊತ್ತದ ಕೆಳಗೇ ಲೀಟರ್ ಮತ್ತು ಫ್ಯಾಟ್ ಬಂದವು.

ಪೋರ್ಟ್‌ಫೋಲಿಯೊದಲ್ಲಿ ಈ ಮೂರನ್ನೂ ಅಕ್ಕಪಕ್ಕ ಇಟ್ಟು, ಒಂದೊಂದರ ಕೆಳಗೆ ಎರಡು ಸಾಲು ಬರೆದರೆ ಸಾಕು. ಇದಕ್ಕೆ ಹಳೆಯ ಪ್ರತಿಗಳು ಉಳಿದಿರಬೇಕು. ಬದಲಾಯಿಸುವ ಮುನ್ನ ಪ್ರತಿ ಸಲವೂ ಫೈಲಿನ ನಕಲು ತೆಗೆದು, ದಿನಾಂಕ ಮತ್ತು ಬದಲಾವಣೆಯ ಕಾರಣ ಗುರುತು ಹಾಕಿಟ್ಟುಕೊಳ್ಳಬೇಕು. ಸಂದರ್ಶನದ ಹಿಂದಿನ ರಾತ್ರಿ ನೆನಪಿನಿಂದ 'ಹಳೆಯ' ಡಿಸೈನ್ ಬಿಡಿಸಿದರೆ ಅದು ಬೇಕೆಂದೇ ಕೆಟ್ಟದಾಗಿ ಮಾಡಿದಂತೆ ಕಾಣುತ್ತದೆ. ಅನುಭವಿಗಳು ಅದನ್ನು ಸುಲಭವಾಗಿ ಹಿಡಿಯುತ್ತಾರೆ.

ಇದೇ ಆ್ಯಪಿನಲ್ಲಿ ಇನ್ನೊಂದು ಸಣ್ಣ ನಿರ್ಧಾರವಿದೆ, ಅದು ನನಗೆ ಹೆಚ್ಚು ಇಷ್ಟ. ಪರದೆಯನ್ನು ಮೊದಲು ಇಂಗ್ಲಿಷಿನಲ್ಲಿ ಮಾಡಿದ್ದರಿಂದ ಅಕ್ಷರದ ಗಾತ್ರ 16, ಸಾಲಿನ ಎತ್ತರ 20 ಇತ್ತು. ಕನ್ನಡ ಹಾಕಿದಾಗ 'ಮೊತ್ತ' ಎಂಬಲ್ಲಿನ ತ ಒತ್ತು ಕೆಳಗಿನ ಸಾಲಿಗೆ ತಾಗಿತು, ಕೆಲವು ಫೋನುಗಳಲ್ಲಿ ಅರ್ಧ ಕತ್ತರಿಸಿಯೇ ಹೋಯಿತು. ಅಕ್ಷರ ಚಿಕ್ಕದು ಮಾಡುವುದು ಒಂದು ದಾರಿ, ಸಾಲಿನ ಎತ್ತರ ಹೆಚ್ಚಿಸುವುದು ಇನ್ನೊಂದು. ಅವಳು ಎತ್ತರವನ್ನು 26ಕ್ಕೆ ಏರಿಸಿದಳು. ಅದರಿಂದ ಹಿಂದಿನ ಲೆಕ್ಕದ ಪಟ್ಟಿಯಲ್ಲಿ ಒಂದೇ ನೋಟಕ್ಕೆ ಏಳು ಸಲದ ಹಾಲಿನ ಬದಲು ಐದು ಸಲದ್ದು ಮಾತ್ರ ಕಾಣುವಂತಾಯಿತು.

ಸಂದರ್ಶಕರು ಇಲ್ಲಿಯೇ ಕೈ ಹಾಕುತ್ತಾರೆ: "ಅಕ್ಷರ ಚಿಕ್ಕದು ಮಾಡಿದ್ರೆ ಏಳೂ ಕಾಣ್ತಿತ್ತಲ್ಲ?" "ಇದೇ ಚೆನ್ನಾಗಿ ಕಾಣುತ್ತೆ ಸರ್" ಎಂದರೆ ಮಾತು ಅಲ್ಲಿಗೇ ನಿಂತಿತು. "ಹೌದು ಸರ್, ಎರಡು ಸಾಲು ಕಳಕೊಂಡ್ವಿ. ಆದ್ರೆ ಇದನ್ನ ನೋಡೋರಲ್ಲಿ ವಯಸ್ಸಾದವರೇ ಹೆಚ್ಚು, ಅದೂ ಬಿಸಿಲಲ್ಲಿ ನಿಂತು. ಹಳೇ ಲೆಕ್ಕಕ್ಕೆ ಪಟ್ಟಿ ಸರಿಸಿದ್ರಾಯ್ತು, ಓದೋಕೇ ಆಗದ ಅಕ್ಷರಕ್ಕೆ ಬೇರೆ ದಾರಿ ಇಲ್ಲ" ಎಂದರೆ ಚರ್ಚೆ ಮುಂದುವರಿಯುತ್ತದೆ. ಏನು ಕಳೆದುಕೊಂಡಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿಬಿಡುವುದು ಇನ್ನೂ ಒಳ್ಳೆಯದು.

ಮುಕ್ಕಾಲು ಗಂಟೆಯ ಸಂದರ್ಶನದಲ್ಲಿ ಇಷ್ಟು ವಿವರವಾಗಿ ಮಾತಾಡಲು ಎರಡು ಕೆಲಸಗಳಿಗಷ್ಟೇ ಸಮಯವಿರುತ್ತದೆ, ಏಕೆಂದರೆ ಅರ್ಧ ಹೊತ್ತು ಪ್ರಶ್ನೆಗಳಿಗೇ ಹೋಗುತ್ತದೆ. ಆದ್ದರಿಂದ ಪೋರ್ಟ್‌ಫೋಲಿಯೊದಲ್ಲಿ ಮೂರ್ನಾಲ್ಕು ಕೆಲಸಗಳಿದ್ದರೆ ಧಾರಾಳವಾಯಿತು. ಕಾಲೇಜಿನಲ್ಲಿ ಮಾಡಿದ ಲೋಗೊ, ಪೋಸ್ಟರುಗಳನ್ನೆಲ್ಲ ತುಂಬಿದರೆ ನೋಡುವವರ ಕಣ್ಣು ಅವುಗಳಲ್ಲಿ ತೀರಾ ಸಾಧಾರಣವಾದದ್ದರ ಮೇಲೇ ನಿಲ್ಲುತ್ತದೆ.

ತಂಡದ ಕೆಲಸವಾದರೆ ಯಾವ ಭಾಗ ನಿಮ್ಮದು ಎಂದು ಮೊದಲ ಪುಟದಲ್ಲೇ ಬರೆಯಿರಿ. ಎಲ್ಲಕ್ಕೂ 'ನಾವು' ಎಂದರೆ ನಿಮ್ಮ ಪಾಲು ತಿಳಿಯುವುದಿಲ್ಲ, ಎಲ್ಲಕ್ಕೂ 'ನಾನು' ಎಂದರೆ ನಂಬುವುದು ಕಷ್ಟ. ಹಿಂದಿನ ಕಂಪನಿಯ ಗುಟ್ಟಿನ ಕೆಲಸವಾಗಿದ್ದರೆ ಲೋಗೊ ಮಸುಕು ಮಾಡಿದ ಮಾತ್ರಕ್ಕೆ ತೋರಿಸುವ ಹಕ್ಕು ಬರುವುದಿಲ್ಲ, ಅನುಮತಿ ಕೇಳಬೇಕು. ಸಿಗದಿದ್ದರೆ ಪರದೆಗಳನ್ನು ಬಿಟ್ಟು, ಒಪ್ಪಂದಕ್ಕೆ ಧಕ್ಕೆಯಾಗದಷ್ಟು ಮಟ್ಟಿಗೆ ನಿಮ್ಮ ಪಾತ್ರವನ್ನಷ್ಟೇ ಬಾಯಲ್ಲಿ ಹೇಳಿ. ಬೇರೆಯವರ ಗುಟ್ಟನ್ನು ಸಲೀಸಾಗಿ ತೆರೆದಿಡುವ ಅಭ್ಯರ್ಥಿಯನ್ನು ಕಂಡಾಗ, ನಾಳೆ ನಮ್ಮದನ್ನೂ ಹೀಗೇ ತೋರಿಸಿಯಾನು ಎಂಬ ಅನುಮಾನ ಎದುರು ಕೂತವರಿಗೆ ಬಂದೇ ಬರುತ್ತದೆ.