ಹೆಣ ಸುಟ್ಟ ಮೇಲೂ ಆರದ ಕತೆ

ಕಾದಂಬರಿ ಬರೆಯಲು ಹೊರಟವರ ಮೇಜಿನ ಖಾನೆಯಲ್ಲಿ ಸಾಮಾನ್ಯವಾಗಿ ಒಂದು ಅರ್ಧ ಹಸ್ತಪ್ರತಿ ಇರುತ್ತದೆ. ಮೊದಲ ಮೂವತ್ತು ಪುಟ ಓಡಿರುತ್ತದೆ, ಎಂಬತ್ತರ ಹೊತ್ತಿಗೆ ಪಾತ್ರಗಳು ಕಾಫಿ ಕುಡಿಯುತ್ತ ಹಳೆಯದನ್ನು ನೆನೆಯತೊಡಗುತ್ತವೆ. ಘಟನೆ ಸಾಲದೆ ಹೀಗಾಯಿತು ಎಂದುಕೊಂಡು ಲೇಖಕ ಒಂದು ಅಪಘಾತವನ್ನೋ ಮದುವೆಯನ್ನೋ ತಂದಿಡುತ್ತಾನೆ. ಆದರೂ ಕತೆ ಏಳುವುದಿಲ್ಲ. ಕೊರತೆ ಘಟನೆಯದಲ್ಲ, ಮೊದಲ ಪುಟದಲ್ಲಿ ಎತ್ತಿದ ಪ್ರಶ್ನೆ ನಡುವೆ ಬೆಳೆಯದೆ ಹೋದದ್ದು.

ಪ್ರಶ್ನೆ ಬೆಳೆಯುವುದು ಹೇಗೆಂದು ನೋಡಲು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1965ರ ಈ ಕಾದಂಬರಿ ಗಾತ್ರದಲ್ಲಿ ಸಣ್ಣದು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬ್ರಾಹ್ಮಣ್ಯವನ್ನು ಬೇಕೆಂದೇ ಧಿಕ್ಕರಿಸಿದವನು, ಮಕ್ಕಳಿಲ್ಲದವನು. ಅವನ ಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವವರೆಗೆ ಅಗ್ರಹಾರದವರು ಊಟ ಮಾಡುವಂತಿಲ್ಲ. ಇಷ್ಟರಲ್ಲಿ ಎರಡು ಗಡಿಯಾರಗಳು ಓಡತೊಡಗಿವೆ: ಒಂದು ಕೊಳೆಯುವ ಹೆಣದ್ದು, ಇನ್ನೊಂದು ಹಸಿದ ಹೊಟ್ಟೆಯದು.

ಗಡಿಯಾರ ಇಟ್ಟ ಮಾತ್ರಕ್ಕೆ ನಡುಭಾಗ ನಿಲ್ಲುವುದಿಲ್ಲ. ಮುಂದೇನಾಗುತ್ತದೆ ನೋಡಿ. ಚಂದ್ರಿ ತನ್ನ ಚಿನ್ನವನ್ನೆಲ್ಲ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಇಡುತ್ತಾಳೆ. ಕಷ್ಟ ಹಗುರಾಗಬೇಕಿತ್ತು, ಭಾರವಾಗುತ್ತದೆ. ಒಲ್ಲೆ ಎಂದಿದ್ದವರಿಗೆ ಈಗ ಆಸೆ, ಪಕ್ಕದವನಿಗೆ ಸಿಕ್ಕೀತೆಂಬ ಹೊಟ್ಟೆಕಿಚ್ಚು. ಪಾರಿಜಾತಪುರದವರನ್ನು ಕೇಳಿದರೆ ಅವರೂ ತೀರ್ಮಾನವನ್ನು ಪ್ರಾಣೇಶಾಚಾರ್ಯರಿಗೇ ಬಿಡುತ್ತಾರೆ. ಆಚಾರ್ಯರು ಓಲೆಗರಿ ತಡಕುತ್ತಾರೆ, ಉತ್ತರವಿಲ್ಲ. ಗ್ರಂಥ ಕೈಬಿಟ್ಟ ಮೇಲೆ ಮಾರುತಿಯ ಗುಡಿಗೆ ಹೋಗುತ್ತಾರೆ, ಹೂವಿನ ಪ್ರಸಾದಕ್ಕೆ ಕಾಯುತ್ತಾರೆ, ದೇವರೂ ಮಾತಾಡುವುದಿಲ್ಲ.

ಇವು ಒಂದೇ ಬಗೆಯ ಸೋಲುಗಳಲ್ಲ. ಜನ, ಶಾಸ್ತ್ರ, ದೇವರು ಎಂದು ಒಂದೊಂದೇ ಬಾಗಿಲು ಮುಚ್ಚುತ್ತದೆ. ಈ ಸಾಲನ್ನು ಹಿಂದುಮುಂದು ಮಾಡಿ ನೋಡಿ. ದೇವರೇ ಕೈಬಿಟ್ಟ ಮೇಲೆ ಪಕ್ಕದ ಊರಿಗೆ ಹೋಗಿ ಕೇಳಿದರೆ ಕತೆ ಇಳಿಜಾರು ಹಿಡಿಯುತ್ತದೆ. ನಿಮ್ಮ ಹಸ್ತಪ್ರತಿಗೂ ಇದೇ ಪರೀಕ್ಷೆ ಆಗುತ್ತದೆ: ನಡುವಿನ ಎರಡು ಅಧ್ಯಾಯಗಳನ್ನು ಅದಲುಬದಲು ಮಾಡಿದರೂ ಏನೂ ಕೆಡುವುದಿಲ್ಲವಾದರೆ, ಜೋಲು ಬಿದ್ದಿರುವುದು ಅಲ್ಲೇ.

ಹಿಂದಿನ ಕತೆಯ ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ನಾರಣಪ್ಪ ದೇವರ ಕೊಳದ ಮೀನು ಹಿಡಿದದ್ದು, ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುತ್ತೇನೆಂದು ಹೆದರಿಸಿದ್ದು ಎಲ್ಲ ನಮಗೆ ತಿಳಿಯುವುದು ನೆನಪುಗಳಲ್ಲಿ. ನೆನಪು ಬಂದಾಗ ಕತೆ ನಿಲ್ಲಬೇಕಿತ್ತು, ನಿಲ್ಲುವುದಿಲ್ಲ. ಹೆಣ ಅಲ್ಲೇ ಬಿದ್ದಿದೆ, ಮತ್ತು ಒಂದೊಂದು ನೆನಪೂ ಅದನ್ನು ಯಾರು ಸುಡಬೇಕೆಂಬ ವಾದಕ್ಕೆ ಸಾಕ್ಷಿಯಾಗಿ ಬರುತ್ತದೆ. ವಾದಕ್ಕೆ ಸಾಕ್ಷಿಯಾಗದ ಬಾಲ್ಯಸ್ಮರಣೆ ಎಷ್ಟು ಚೆನ್ನಾಗಿದ್ದರೂ ನಡುಭಾಗಕ್ಕೆ ಹೊರೆ. (ಅಂಥವನ್ನು ಕಿತ್ತುಹಾಕುವಾಗ ಆಗುವ ಸಂಕಟ ಬರೆದವರಿಗೇ ಗೊತ್ತು.)

ನಿಜವಾದ ಕುಶಲತೆ ಇರುವುದು ಇದರಾಚೆ. ಗುಡಿಯಿಂದ ಬರಿಗೈಯಲ್ಲಿ ಹೊರಟ ಆಚಾರ್ಯರಿಗೆ ಕತ್ತಲ ಕಾಡಿನಲ್ಲಿ ಚಂದ್ರಿಯ ಸಂಗವಾಗುತ್ತದೆ. ಬಳಿಕ ಚಂದ್ರಿ ಮರಳಿ ಹೋಗಿ, ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಟ್ಟುಬಿಡುತ್ತಾಳೆ. ಮೊದಲ ಪುಟದ ಪ್ರಶ್ನೆಗೆ ಕತೆಯ ನಡುವೆಯೇ ಉತ್ತರ ಸಿಕ್ಕಿತು! ಬೇರೆ ಯಾರಾದರೂ ಕೊನೆಗೆ ಇಟ್ಟುಕೊಳ್ಳುತ್ತಿದ್ದ ಗಂಟು ಇದು. ಆದರೆ ಈ ಉತ್ತರ ಓದುಗನಿಗೆ ಗೊತ್ತು, ಬ್ರಾಹ್ಮಣರಿಗೆ ಗೊತ್ತಿಲ್ಲ. ಅವರು ಪರಿಹಾರ ಕೇಳುತ್ತ ಕೈಮರಕ್ಕೆ, ಅಲ್ಲಿಂದ ಮಠಕ್ಕೆ ನಡೆಯುತ್ತಾರೆ. ಇಲ್ಲದ ಹೆಣಕ್ಕಾಗಿ ನಡೆಯುತ್ತಿದ್ದಾರೆಂದು ತಿಳಿದಿರುವ ನಮಗೆ ಅವರ ಒಂದೊಂದು ಹೆಜ್ಜೆಯೂ ಚುಚ್ಚುತ್ತದೆ. ಅತ್ತ ಇಲಿಗಳು ಸಾಯುತ್ತಿವೆ, ಪ್ಲೇಗು ಮನೆಮನೆ ಹೊಗುತ್ತಿದೆ.

ಹಳೆಯ ಪ್ರಶ್ನೆ ಆರುವ ಮೊದಲೇ ಹೊಸದು ಹೊತ್ತಿಕೊಂಡಿರುತ್ತದೆ. ಸಂಸ್ಕಾರಕ್ಕೆ ನಾರಣಪ್ಪ ಅರ್ಹನೇ ಎಂದು ಅಳೆಯುತ್ತಿದ್ದ ಆಚಾರ್ಯರು ಈಗ ತಾವು ಯಾರೆಂದು ಕೇಳಿಕೊಳ್ಳಬೇಕಾಗಿದೆ. ಹೊಸ ಪ್ರಶ್ನೆ ಹೊರಗಿನಿಂದ ಬಂದುದಲ್ಲ, ಮೊದಲನೆಯದರ ಹೊಟ್ಟೆಯಲ್ಲೇ ಹುಟ್ಟಿದ್ದು. ಚಂದ್ರಿಯ ಜಾಗದಲ್ಲಿ ಯಾವಳೋ ಅಪರಿಚಿತೆ ಇದ್ದಿದ್ದರೆ ಅದು ಬರೀ ಒಂದು ತಿರುವಾಗುತ್ತಿತ್ತು.

ಬಿಗಿ ಏರಬೇಕೆಂದರೆ ಗದ್ದಲ ಏರಬೇಕೆಂದು ತಿಳಿಯುವವರು ಮೂರನೆಯ ಭಾಗ ಓದಬೇಕು. ಹೆಂಡತಿಯನ್ನು ಸುಟ್ಟು ಊರು ಬಿಟ್ಟ ಆಚಾರ್ಯರ ಜೊತೆಗೆ ದಾರಿಯಲ್ಲಿ ಮಾಲೇರರ ಪುಟ್ಟ ಅಂಟಿಕೊಳ್ಳುತ್ತಾನೆ. ಬಾಯಿ ನಿಲ್ಲದ ಹುಡುಗ, ಮಾತು ಕೇಳಿದರೆ ನಗು ಬರುತ್ತದೆ. ಮೇಳಿಗೆಯ ಜಾತ್ರೆ, ಕೋಳಿ ಅಂಕ, ಸುತ್ತ ಬಣ್ಣ. ವೇಗ ಇಳಿದಿದೆ, ಬಿಗಿ ಇಳಿದಿಲ್ಲ. ಗುರುತು ಮುಚ್ಚಿಟ್ಟವನಿಗೆ ಅಂಟಿಕೊಂಡ ಮಾತುಗಾರನಿಗಿಂತ ದೊಡ್ಡ ಅಪಾಯ ಯಾವುದು? ಸೂತಕದಲ್ಲಿರುವ ಮನುಷ್ಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ, ಎಲೆಯ ಮುಂದಿನ ಆ ಮೌನ ಮೊದಲ ಪುಟದ ಹೆಣಕ್ಕಿಂತ ಹೆಚ್ಚು ಹೆದರಿಸುತ್ತದೆ.