ದರ ಗೊತ್ತು, ಯಾವ ಮೊತ್ತದ ಮೇಲೆ?

ತೆರಿಗೆಯ ದರಗಳನ್ನು ಬಿ.ಕಾಂ. ವಿದ್ಯಾರ್ಥಿಗಳು ಚೆನ್ನಾಗಿಯೇ ಬಾಯಿಪಾಠ ಮಾಡಿರುತ್ತಾರೆ. ಆ ದರವನ್ನು ಯಾವ ಮೊತ್ತಕ್ಕೆ ಹಾಕಬೇಕು ಎನ್ನುವಲ್ಲಿ ಲೆಕ್ಕ ತಪ್ಪುತ್ತದೆ. ಆದಾಯ ತೆರಿಗೆಯಲ್ಲೂ ಜಿಎಸ್‌ಟಿಯಲ್ಲೂ ಎಡವುವ ಜಾಗ ಇದೇ. ಪೆನ್ನು, ಹಾಳೆ ಇಟ್ಟುಕೊಂಡು ಓದಿ.

ಮೊದಲು ಆದಾಯ ತೆರಿಗೆ. 2025-26ನೇ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ 5, 8ರಿಂದ 12ರವರೆಗೆ ಶೇ 10, 12ರಿಂದ 16ರವರೆಗೆ ಶೇ 15. ಮೇಲಿನ ಸ್ಲ್ಯಾಬ್‌ಗಳು ನಮ್ಮ ಲೆಕ್ಕಕ್ಕೆ ಬೇಡ. ಪ್ರತಿ ದರವೂ ಆಯಾ ಸ್ಲ್ಯಾಬ್‌ನೊಳಗೆ ಬೀಳುವ ಹಣಕ್ಕೆ ಮಾತ್ರ. ಹಾಗಾಗಿ 12 ಲಕ್ಷ ಆದಾಯಕ್ಕೆ ಬರುವ ತೆರಿಗೆ 20,000 ಮತ್ತು 40,000, ಒಟ್ಟು 60,000 ರೂಪಾಯಿ. ಆದಾಯ 12 ಲಕ್ಷ ದಾಟದಿದ್ದರೆ ಈ 60,000ವನ್ನೂ ಸೆಕ್ಷನ್ 87ಎ ರಿಬೇಟ್ ಪೂರ್ತಿ ಅಳಿಸಿಹಾಕುತ್ತದೆ.

ಹಾಗಾದರೆ 12 ಲಕ್ಷದ ಮೇಲೆ ಸ್ವಲ್ಪ ದಾಟಿದವರ ಗತಿ? ಒಬ್ಬ ಉದ್ಯೋಗಿಯ ವರ್ಷದ ಸಂಬಳ 13,00,000 ಎನ್ನಿ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ಉಳಿಯುವುದು 12,25,000. ಸ್ಲ್ಯಾಬ್ ಪ್ರಕಾರ ತೆರಿಗೆ 60,000, ಜೊತೆಗೆ 25,000ದ ಶೇ 15, ಅಂದರೆ 3,750, ಒಟ್ಟು 63,750. ಮಿತಿ ದಾಟಿದ್ದರಿಂದ ರಿಬೇಟ್ ಸಿಗದು. 25,000 ಹೆಚ್ಚು ದುಡಿದದ್ದಕ್ಕೆ 63,750 ಕಟ್ಟು ಎಂದರೆ ಅನ್ಯಾಯವಲ್ಲವೇ? ಅದಕ್ಕೆಂದೇ ಮಾರ್ಜಿನಲ್ ರಿಲೀಫ್ ಇದೆ: 12 ಲಕ್ಷ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗುವಂತಿಲ್ಲ. ಇಲ್ಲಿ ದಾಟಿದ್ದು 25,000. ತೆರಿಗೆಯೂ 25,000ಕ್ಕೆ ಇಳಿಯುತ್ತದೆ. ಶೇ 4ರ ಸೆಸ್ 1,000 ಸೇರಿ ಕಟ್ಟಬೇಕಾದದ್ದು 26,000. ಪರಿಹಾರ ಕಳೆದ ಮೇಲೆಯೇ ಸೆಸ್ ಹಾಕಬೇಕು. 63,750ರ ಮೇಲೆ ಸೆಸ್ ಹಾಕಿದರೆ ಉತ್ತರ ತಪ್ಪು.

ಈ ಪರಿಹಾರ ಎಲ್ಲಿಯವರೆಗೆ? ಎರಡು ಮೊತ್ತಗಳೂ ಸಮವಾಗುವವರೆಗೆ. ದಾಟಿದ ಮೊತ್ತ x ಆದರೆ 60,000 + 0.15x = x. ಬಿಡಿಸಿದರೆ x ಸುಮಾರು 70,588. ಅಂದರೆ ತೆರಿಗೆಯ ಆದಾಯ 12,70,588 ಮೀರಿದವರಿಗೆ ಸ್ಲ್ಯಾಬ್ ಲೆಕ್ಕವೇ ಕಾಯಂ. ಇನ್ನೊಂದು ಎಚ್ಚರಿಕೆ: ಷೇರು ಮಾರಿ ಬಂದ ಬಂಡವಾಳ ಲಾಭದಂಥ ವಿಶೇಷ ದರದ ಆದಾಯದ ತೆರಿಗೆಯನ್ನು ಹೊಸ ಪದ್ಧತಿಯಲ್ಲಿ ಈ ರಿಬೇಟ್ ಅಳಿಸುವುದಿಲ್ಲ. "12 ಲಕ್ಷದವರೆಗೆ ಏನೂ ಇಲ್ಲವಂತೆ" ಎಂದು ನಂಬಿದವರು ಮೋಸಹೋಗುವುದು ಇಲ್ಲೇ.

ಜಿಎಸ್‌ಟಿಗೆ ಬರೋಣ. ತುಮಕೂರಿನ ಒಂದು ಅಂಗಡಿ ಬೆಂಗಳೂರಿನ ತಯಾರಕರಿಂದ ಉಕ್ಕಿನ ಬೀರು ತರಿಸುತ್ತದೆ. ಬೆಲೆ 10,000, ಶೇ 18ರ ಜಿಎಸ್‌ಟಿ 1,800. ವಹಿವಾಟು ರಾಜ್ಯದೊಳಗಿನದಾದ್ದರಿಂದ ಬಿಲ್ಲಿನಲ್ಲಿ ಸಿಜಿಎಸ್‌ಟಿ 900, ಎಸ್‌ಜಿಎಸ್‌ಟಿ 900 ಎಂದಿರುತ್ತದೆ. ಅಂಗಡಿಯವರು ಅದನ್ನು 12,500ಕ್ಕೆ ಮಾರಿ, ತೆರಿಗೆ 2,250 ಸೇರಿಸಿ ಗಿರಾಕಿಯಿಂದ 14,750 ಪಡೆಯುತ್ತಾರೆ. ಸರ್ಕಾರಕ್ಕೆ ಕಟ್ಟುವುದು 2,250 ಅಲ್ಲ. ಖರೀದಿಯಲ್ಲಿ ಕೊಟ್ಟ 1,800 ಇನ್‌ಪುಟ್ ಕ್ರೆಡಿಟ್ ಕಳೆದು 450. ತಾಳೆ ನೋಡಿ: ಅಂಗಡಿ ಸೇರಿಸಿದ ಮೌಲ್ಯ 2,500, ಅದರ ಶೇ 18 ಸರಿಯಾಗಿ 450.

ತಯಾರಕರು ತಮ್ಮ ಜಿಎಸ್‌ಟಿಆರ್-1ರಲ್ಲಿ ಈ ಬಿಲ್ ತೋರಿಸದಿದ್ದರೆ ಅದು ಅಂಗಡಿಯವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದಿಲ್ಲ, ಆ ತಿಂಗಳು ಕ್ರೆಡಿಟ್ ತೆಗೆದುಕೊಳ್ಳಲು ಬರುವುದಿಲ್ಲ. ಆಗ 2,250 ಪೂರ್ತಿ ಕಟ್ಟಬೇಕು. ಗಿರಾಕಿಯಿಂದ ಬಂದ 14,750ರಲ್ಲಿ ತಯಾರಕರಿಗೆ ಕೊಟ್ಟ 11,800, ತೆರಿಗೆಯ 2,250 ಕಳೆದರೆ ಕೈಯಲ್ಲಿ ಉಳಿಯುವುದು ಬರೀ 700, 2,500 ಬರಬೇಕಿತ್ತು. ಸಣ್ಣ ವ್ಯಾಪಾರಿಗಳು ತಿಂಗಳು ತಿಂಗಳೂ 2ಬಿ ತೆರೆದು ಬಿಲ್ಲುಗಳನ್ನು ಒಂದೊಂದಾಗಿ ತಾಳೆ ಹಾಕುವುದು ಇದಕ್ಕೇ. ಬಿಲ್ ಕಾಣದಿದ್ದರೆ ಮೊದಲು ಸರಬರಾಜುದಾರರಿಗೆ ಫೋನ್ ಮಾಡಬೇಕು.

ಪರೀಕ್ಷೆಯಲ್ಲಿ ಇನ್ನೊಂದು ಮಾಮೂಲಿ ತಪ್ಪಿದೆ. "ತೆರಿಗೆ ಸೇರಿ 14,750" ಎಂದು ಕೊಟ್ಟಾಗ ಅದರ ಶೇ 18 ತೆಗೆದರೆ 2,655 ಬರುತ್ತದೆ. ಇದು ತೆರಿಗೆಯ ಮೇಲೂ ತೆರಿಗೆ ಹಾಕಿದ ಲೆಕ್ಕ. 118 ರೂಪಾಯಿಯಲ್ಲಿ 18 ತೆರಿಗೆ; ಹಾಗಾಗಿ 14,750 × 18 ÷ 118 = 2,250.

ಈಗ ನೀವೇ ಮಾಡಿ. ಸಂಬಳ 13,20,000 ಇದ್ದವರು ಎಷ್ಟು ಕಟ್ಟಬೇಕು? ಶೇ 5ರ ಜಿಎಸ್‌ಟಿ ಸೇರಿ 2,100 ರೂಪಾಯಿಯ ಬಿಲ್ಲಿನಲ್ಲಿ ತೆರಿಗೆ ಎಷ್ಟು? ಸೆಸ್ ಸೇರಿ 46,800 ಮತ್ತು 100 ಎಂದು ಬಂದರೆ ನಿಮ್ಮ ಲೆಕ್ಕ ಸರಿ.